ಎಂಟರ ಯಾವ ಘಾತ ಕಾಲು?

ತಾಳವಾಡಿಯ ಈ ಶಾಲೆಯ ಕರಿಹಲಗೆಯ ಮೇಲೆ ನಾನು ಹಲವು ವರ್ಷ ಬರೆದ ಲೆಕ್ಕವೊಂದಿದೆ: log₈(1/4). ಎಂಟನ್ನು ಯಾವ ಘಾತಕ್ಕೆ ಏರಿಸಿದರೆ ಕಾಲು ದೊರೆಯುತ್ತದೆ ಎಂಬುದೇ ಈ ಲಘುಗಣಕದ ಪ್ರಶ್ನೆ. ಕಾಲು ಒಂದಕ್ಕಿಂತ ಕಿರಿದಾದ ಕಾರಣ ಉತ್ತರ ಋಣಸಂಖ್ಯೆಯೇ ಆಗಬೇಕು.

ಎಂಟೂ ಕಾಲೂ ಎರಡರ ಘಾತಗಳೇ: 8 = 2³, 1/4 = 2⁻². ಉತ್ತರ x ಎಂದಾದರೆ 3x = −2; ಆದ್ದರಿಂದ x = −2/3. ಅನೇಕ ಮಕ್ಕಳು ಭಾಗಾಕಾರವನ್ನು ತಿರುವುಮುರುವು ಮಾಡಿ −3/2 ಎಂದು ಬರೆಯುತ್ತಿದ್ದರು. ತಾಳೆ ನೋಡಿದರೆ ಸಂದೇಹ ಉಳಿಯದು: ಎಂಟರ ಘನಮೂಲ ಎರಡು, ಅದರ ವರ್ಗ ನಾಲ್ಕು, ಋಣಚಿಹ್ನೆಯಿಂದಾಗಿ ಅದರ ವ್ಯುತ್ಕ್ರಮ ಕಾಲು.

ಮೂಲಗಳಿಗೂ ಇದೇ ದಾರಿ. √2 ಎಂದರೆ ಎರಡರ ಅರ್ಧ ಘಾತ; ಅರ್ಧವನ್ನು ಮೂರರಿಂದ ಭಾಗಿಸಿದರೆ log₈√2 = 1/6. ಆದರೆ log₈3 ಈ ದಾರಿಗೆ ಒಗ್ಗದು; ಅದಕ್ಕೆ ಲಘುಗಣಕ ಕೋಷ್ಟಕವನ್ನೇ ತೆರೆಯಬೇಕು.