ಪಾಸ್‌ಪೋರ್ಟಿಗೆ ಮೊದಲು ಕಾಗದಗಳನ್ನು ಸಾಲಾಗಿ ಇಡ್ರಿ
(ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಮಾತು)



ಉಮರ್ಗಾ, ನಿಲಂಗಾ, ಉದಗೀರ ಕಡೆಯ ನಮ್ಮ ಹುಡುಗರು ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗ ಆಗೋ ತೊಂದರೆ ಬಹಳ ಸಣ್ಣದು, ಒಂದಕ್ಷರದ್ದು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಆಧಾರಿನಲ್ಲಿ ಇಂಗ್ಲಿಷ್. ಹೀಗೆ ಒಂದೇ ಹೆಸರನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೀತಾರೆ.

ಒಂದು ಉದಾಹರಣೆ ತಗೊಳ್ಳೋಣ. ಹತ್ತನೆಯ ಅಂಕಪಟ್ಟಿಯಲ್ಲಿ KAMBLE MALLIKARJUN SHIVAPPA ಅಂತ ಇದೆ. ನಮ್ಮ ಬೋರ್ಡು ಅಡ್ಡಹೆಸರು ಮೊದಲು ಬರೆಯುತ್ತದೆ. ಆಧಾರಿನಲ್ಲಿ MALIKARJUN, ಒಂದು L ಇಲ್ಲ. ಪ್ಯಾನಿನಲ್ಲಿ KAMBALE, ಅಪ್ಪನ ಹೆಸರೇ ಇಲ್ಲ. ಟಿಸಿಯಲ್ಲಿ ಹುಟ್ಟಿದ ತಾರೀಖು 1-6-1999, ಆಧಾರಿನಲ್ಲಿ 1-1-1999. ಜೂನ್ ಒಂದು ಶಾಲೆಗೆ ಸೇರಿಸುವಾಗ ಬರೆಸಿದ್ದು. ಜನವರಿ ಒಂದು, ಆಧಾರ್ ಮಾಡಿಸುವಾಗ ಇಸವಿ ಮಾತ್ರ ಹೇಳಿದ್ದಕ್ಕೆ ಬಿದ್ದದ್ದು.

ಯಾವುದನ್ನು ತಿದ್ದಬೇಕು? ಹಳೆಯದು, ಗಟ್ಟಿಯಾದದ್ದು ಹಾಗೇ ಇರಲಿ, ಹೊಸದನ್ನು ಅದಕ್ಕೆ ಹೊಂದಿಸ್ರಿ. ನಮ್ಮ ಜಾತಿ ಪ್ರಮಾಣಪತ್ರವೂ ಟಿಸಿಯ ಮೇಲೆ ನಿಂತದೆ. ಆಧಾರಿಗೆ ಸರಿಹೋಗಲಿ ಅಂತ ಟಿಸಿ ತಿದ್ದಿಸಹೋದರೆ ಆ ಕಾಗದವೂ ಅಲುಗಾಡ್ತದೆ. ಆದ್ದರಿಂದ ಇಂಗ್ಲಿಷ್ ಅಕ್ಷರಕ್ಕೆ ಅಂಕಪಟ್ಟಿ, ತಾರೀಖಿಗೆ ಟಿಸಿ. ಮೊದಲು ಆಧಾರ್, ಆಮೇಲೆ ಪ್ಯಾನ್, ಮತದಾರ ಪಟ್ಟಿಗೆ ಫಾರ್ಮ್ 8. ಆಧಾರಿನಲ್ಲಿ ಹೆಸರು ಎರಡು ಸಲ, ಹುಟ್ಟಿದ ತಾರೀಖು ಒಂದೇ ಸಲ ಬದಲಿಸಲು ಬರ್ತದೆ. ಹೋಗುವಾಗ ತಾರೀಖು ಇರೋ ಜನ್ಮದಾಖಲೆ ಅಥವಾ ಬೋರ್ಡಿನ ಪ್ರಮಾಣಪತ್ರ ಒಯ್ಯಿರಿ. ಆಪರೇಟರ್ ಟೈಪ್ ಮಾಡಿದ್ದನ್ನು ಒಂದೊಂದೇ ಅಕ್ಷರ ಓದಿ ನೋಡಿ, ಆಮೇಲೆ ಹೂಂ ಅನ್ರಿ.

ಇನ್ನೊಂದು ನಮ್ಮ ಗಡಿಯ ಮಾತು. ಚೊಚ್ಚಲ ಹೆರಿಗೆ ತವರಿನಲ್ಲಿ. ತವರು ಬಸವಕಲ್ಯಾಣವೋ ಭಾಲ್ಕಿಯೋ ಆಗಿದ್ದರೆ ಜನನ ನೋಂದಣಿಯೂ ಅಲ್ಲೇ, ಕರ್ನಾಟಕದಲ್ಲಿ. ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ಅದೇ ಬರೀಬೇಕು, ಈಗಿರುವ ಉಮರ್ಗಾ ಅಲ್ಲ. ಎಷ್ಟೋ ದಾಖಲೆಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರ್ತದೆ. 1969ರ ಜನನ ಮರಣ ನೋಂದಣಿ ಕಾಯಿದೆಯಲ್ಲಿ ಹೆಸರು ಸೇರಿಸಲು ದಾರಿ ಇದೆ. ನಿಮ್ಮ ಮನೆಯ ಸಣ್ಣ ಮಕ್ಕಳದ್ದು ಈಗಲೇ ತೆಗೆದು ನೋಡ್ರಿ. 2023ರ ಅಕ್ಟೋಬರ್ 1 ಅಥವಾ ಆಮೇಲೆ ಹುಟ್ಟಿದ ಮಕ್ಕಳ ಪಾಸ್‌ಪೋರ್ಟಿಗೆ ಹುಟ್ಟಿದ ತಾರೀಖಿನ ಪುರಾವೆ ಅಂದ್ರೆ ಜನನ ಪ್ರಮಾಣಪತ್ರ ಒಂದೇ.

ಜನ್ಮದಾಖಲೆಯೂ ಟಿಸಿಯೂ ಬೇರೆಬೇರೆ ತಾರೀಖು ಹೇಳಿದರೆ ಒಂದನ್ನು ಬಚ್ಚಿಟ್ಟು ಅರ್ಜಿ ಹಾಕಬೇಡ್ರಿ. ಏಜೆಂಟನ ಹತ್ತಿರ ಹೊಸ ದಾಖಲೆ ಮಾಡಿಸಲೂಬೇಡ್ರಿ. ಪಾಸ್‌ಪೋರ್ಟ್ ಕಾಯಿದೆಯ 12ನೆಯ ಕಲಮಿನಲ್ಲಿ ಸುಳ್ಳು ಮಾಹಿತಿಗೆ ಎರಡು ವರ್ಷದ ತನಕ ಜೈಲು ಇದೆ.

ಎಲ್ಲ ಒಂದಾದ ಮೇಲೆ ಫಾರ್ಮು. Surname ಜಾಗದಲ್ಲಿ KAMBLE, Given Name ಜಾಗದಲ್ಲಿ MALLIKARJUN SHIVAPPA. ಅಂಕಪಟ್ಟಿ ನೋಡಿ ಅದೇ ಸಾಲಿನಲ್ಲಿ ಬರೆದರೆ ಅಡ್ಡಹೆಸರು ಹಿಂದುಮುಂದಾಗ್ತದೆ. 1500 ರೂಪಾಯಿ ಕಟ್ಟುವ ಮೊದಲು ಮನೆಯ ಮತ್ತೊಬ್ಬರ ಕೈಗೆ ಕಾಗದ ಕೊಟ್ಟು ಓದಿಸ್ರಿ. ನಮ್ಮ ಹೆಸರಿನ ತಪ್ಪು ನಮ್ಮ ಕಣ್ಣಿಗೆ ಬೇಗ ಬೀಳೋದಿಲ್ಲ.