ಗಿರಣಿ ಹುಡುಗಿಯ ದಿನಚರಿ: ಒಂದು ಪುಟ, ಮೂರು ವರ್ಷ

(ಹರದನಹಳ್ಳಿಯ ಶಾಲೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಚರಿತ್ರೆಯ ಪಾಠದಲ್ಲಿ ಮಕ್ಕಳಿಗೆ ಒಂದು ಪ್ರಶ್ನೆ ಕೊಡುವುದುಂಟು: ನೀನು ಹತ್ತಿಗಿರಣಿಯಲ್ಲಿ ದುಡಿಯುವ ಹುಡುಗಿ ಎಂದುಕೊಂಡು ದಿನಚರಿಯ ಒಂದು ಪುಟ ಬರೆ. ಮಕ್ಕಳು ಹಸಿವು, ಹೊಡೆತ, ಕಣ್ಣೀರು ಎಂದೆಲ್ಲ ಬರೆಯುತ್ತಾರೆ. ಅದು ಸುಳ್ಳಲ್ಲ. ಆದರೆ ಅಂಥ ಹುಡುಗಿಯೊಬ್ಬಳು ನಿಜವಾಗಿ ಬರೆದ ಪುಟ ಹೇಗಿರುತ್ತದೆ? ಅದನ್ನು ನೋಡೋಣ.

ಅವಳ ಹೆಸರು ಮೇರಿ ಪಾಲ್. ಅಮೆರಿಕದ ವರ್ಮಾಂಟ್ ಸೀಮೆಯವಳು, ತಾಯಿ ಇರಲಿಲ್ಲ. 1845ರಲ್ಲಿ, ಹದಿನೈದರ ವಯಸ್ಸಿನಲ್ಲಿ, ಲೊವೆಲ್ ಎಂಬ ಗಿರಣಿ ಊರಿಗೆ ಹೋಗಲು ತಂದೆಯ ಒಪ್ಪಿಗೆ ಕೇಳಿದಳು. ಕಾರಣ ಸರಳ: ಊರಿನಲ್ಲಿದ್ದರೆ ಬಟ್ಟೆಬರೆ ಕೊಳ್ಳುವಷ್ಟೂ ಸಂಪಾದನೆ ಆಗುತ್ತಿರಲಿಲ್ಲ. ಅಲ್ಲಿಂದ ತಂದೆಗೆ ಅವಳು ಬರೆದ ಕಾಗದಗಳು ಉಳಿದಿವೆ. ಹೆಸರಿಗೆ ಕಾಗದವಾದರೂ 1845ರ ಡಿಸೆಂಬರ್ 21ರದು ದಿನಚರಿಯಂತೆಯೇ ಇದೆ.

ಬೆಳಿಗ್ಗೆ ಐದಕ್ಕೆ ಮೊದಲ ಗಂಟೆ. ಅದು ಅಡುಗೆಯವರು ಏಳಲು. ಆರೂವರೆಗೆ ಹುಡುಗಿಯರನ್ನು ಎಬ್ಬಿಸುವ ಗಂಟೆ. ಏಳಕ್ಕೆ ಗಿರಣಿಯೊಳಗೆ. ಹನ್ನೆರಡೂವರೆಗೆ ಊಟ, ಒಂದಕ್ಕೆ ಮತ್ತೆ ಒಳಗೆ, ಸಂಜೆ ಏಳೂವರೆವರೆಗೆ ಕೆಲಸ. ನೀವೇ ಲೆಕ್ಕ ಹಾಕಿ: ಊಟಕ್ಕೆ ಮುಂಚೆ ಐದೂವರೆ ಗಂಟೆ, ಆಮೇಲೆ ಆರೂವರೆ, ಒಟ್ಟು ಹನ್ನೆರಡು ಗಂಟೆ. ಊಟಕ್ಕೆ, ಹೋಗಿಬರುವುದೂ ಸೇರಿ, ಅರ್ಧ ಗಂಟೆ.

ಅವಳ ಕೆಲಸ ನಮ್ಮ ಕಡೆಯವರಿಗೆ ಬೇಗ ತಿಳಿಯುತ್ತದೆ. ರಾಟೆಗೆ ಒಂದೇ ಕದಿರು. ಗಿರಣಿಯ ಯಂತ್ರದಲ್ಲಿ ಕದಿರುಗಳ ಸಾಲು. ನೂಲು ತುಂಬಿದ ಬಾಬಿನ್ ಕಿತ್ತು ಖಾಲಿಯದನ್ನು ಸಿಕ್ಕಿಸಬೇಕು. ತಡವಾದಷ್ಟೂ ಯಂತ್ರ ಸುಮ್ಮನೆ ನಿಲ್ಲುತ್ತದೆ. ಹಾಗಾಗಿ ಕೈ ಚುರುಕಾದ ಮಕ್ಕಳೇ ಬೇಕು. ತನ್ನ ಕೋಣೆಯ ಯಾರಿಗೂ ತಾನು ಕಡಿಮೆಯಿಲ್ಲವೆಂದು ಮೇರಿ ಹೆಮ್ಮೆಪಡುತ್ತಾಳೆ. ಕಲಿಯಲು ಆರು ತಿಂಗಳ ಗಡುವು, ತನಗೆ ಮೂರರೊಳಗೇ ಸ್ವಂತ ಯಂತ್ರಗಳು ಸಿಗಬಹುದೆಂಬ ಆಸೆ.

ಸಂಬಳದ ವಿಷಯವೂ ಅಲ್ಲಿದೆ. ಕೈಗೆ ಬಂದದ್ದು 6 ಡಾಲರ್ 60 ಸೆಂಟ್. ಊಟ, ವಸತಿಗೆ ಹೋದದ್ದು 4 ಡಾಲರ್ 68 ಸೆಂಟ್. ಉಳಿದದ್ದು 1 ಡಾಲರ್ 92 ಸೆಂಟ್. ಅದರಲ್ಲಿ ಒಂದು ಜೊತೆ ರಬ್ಬರ್ ಪಾದರಕ್ಷೆ, ಐವತ್ತು ಸೆಂಟಿನ ಒಂದು ಜೊತೆ ಬೂಟು. ನೂರಕ್ಕೆ ಎಪ್ಪತ್ತು ಪಾಲು ಬರೀ ಇರುವುದಕ್ಕೇ ಹೋಯಿತು. ಆದರೂ ಉಳಿದದ್ದು ಅವಳ ಸ್ವಂತ ದುಡ್ಡು.

ಅದೇ ಕಾಗದದಲ್ಲಿ ಒಂದು ಸಾವೂ ಇದೆ. ಗಿರಣಿಗೆ ಹೋಗುವಾಗಲೋ ಬರುವಾಗಲೋ ಹುಡುಗಿಯೊಬ್ಬಳು ಹಿಮದ ಮೇಲೆ ಜಾರಿ, ಕತ್ತು ಮುರಿದು ಸತ್ತಳು. ಒಬ್ಬನ ಮೇಲೆ ಹತ್ತಿಯ ಬೇಲು ಬಿದ್ದು ಅವನು ಸಾಯುವಂತಾದ. ಇಷ್ಟು ಹೇಳಿಯೂ, ಕೆಲಸ ಬೇಕೆನ್ನುವ ಹುಡುಗಿಯರು ಲೊವೆಲ್ಲಿಗೆ ಬರಲಿ ಎನ್ನುತ್ತಾಳೆ. ನಾವು ಊಹಿಸಿ ಬರೆದ ಪುಟದಲ್ಲಿ ಈ ಮಾತು ಬರುತ್ತಿರಲಿಲ್ಲ.

ಹಾಗಾದರೆ ಗಿರಣಿ ಸುಖವಾಗಿತ್ತೆ? ಇಲ್ಲಿ ಎಚ್ಚರಿಕೆ ಬೇಕು. ಓದುವವನು ತಂದೆ, ಕಳಿಸಲು ಒಪ್ಪಿದವನು. ಅವನಿಗೆ ಸಮಾಧಾನವಾಗುವಂತೆ ಮಗಳು ಬರೆಯುವುದು ಸಹಜ. ಎರಡನೆಯದು, ಅವಳು ಬಂದು ಆಗಿದ್ದದ್ದು ಕೆಲವೇ ವಾರ. ಅದೇ ಕೈ 1848ರ ನವೆಂಬರಿನಲ್ಲಿ ಬರೆದದ್ದನ್ನು ಪಕ್ಕಕ್ಕಿಡಿ. ಆಗ ಗಿರಣಿಗಳು ಕೂಲಿ ಇಳಿಸುವ ಮಾತಾಡುತ್ತಿದ್ದವು. ಕೆಲಸ ಬಹಳ ಕಷ್ಟ, ತಡೆದುಕೊಳ್ಳಲಾರೆನೇನೋ ಎನಿಸುತ್ತದೆ ಎಂದು ಅವಳು ತಂದೆಗೇ ಬರೆದಳು. ಮೊದಲ ಪುಟ ಸುಳ್ಳಲ್ಲ, ಎರಡನೆಯದೂ ಸುಳ್ಳಲ್ಲ. ನಡುವೆ ಮೂರು ವರ್ಷವಿದೆ.

ಈ ಪುಟಗಳು ನಮಗೆ ದಕ್ಕಿದ್ದು ಮೇರಿ ಅಕ್ಷರ ಬಲ್ಲವಳಾದ್ದರಿಂದ. ನಮ್ಮ ದೇಶದ ಗಿರಣಿಯ ಮಕ್ಕಳ ಸುಳಿವು ಕಾನೂನಿನಲ್ಲಿ ಸಿಗುತ್ತದೆ. 1881ರ ಬ್ರಿಟಿಷ್ ಇಂಡಿಯಾದ ಕಾರ್ಖಾನೆ ಕಾಯಿದೆ ಏಳು ವರ್ಷದೊಳಗಿನವರನ್ನು ದುಡಿಸಬಾರದೆಂದಿತು. ಏಳರಿಂದ ಹನ್ನೆರಡರವರಿಗೆ ದಿನಕ್ಕೆ ಒಂಬತ್ತು ಗಂಟೆಯ ಮಿತಿ ಹಾಕಿತು. ಆ ಏಳು ವರ್ಷದ ಮಗು ಪುಟ ಬರೆಯಲಿಲ್ಲ.

ನಮ್ಮ ಸೀಮೆಯಲ್ಲಿ ನೂಲು ತೆಗೆದ, ರೇಷ್ಮೆ ಬಿಚ್ಚಿದ ಅಜ್ಜಿಯರಿದ್ದಾರೆ. ಮಕ್ಕಳೇ, ಅವರನ್ನು ಕೇಳುವಾಗ 'ಕಷ್ಟವಾಯಿತೇ ಅಜ್ಜಿ' ಎನ್ನಬೇಡಿ. ಎಷ್ಟು ಹೊತ್ತಿಗೆ ಹೋಗುತ್ತಿದ್ದಿರಿ, ಕೂಲಿ ಎಷ್ಟು, ಅದರಲ್ಲಿ ಉಳಿದದ್ದೆಷ್ಟು, ಉಳಿದದ್ದರಲ್ಲಿ ಏನು ಕೊಂಡಿರಿ ಎಂದು ಕೇಳಿ. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ಹೇಗನಿಸಿತು, ಮೂರು ವರ್ಷದ ಮೇಲೆ ಹೇಗನಿಸಿತು ಎಂಬುದನ್ನು ಬೇರೆ ಬೇರೆಯಾಗಿಯೇ ಕೇಳಿ ಬರೆದಿಡಿ.