ಹರಳಿನ ತೂಕಕ್ಕೂ ವೇಸ್ಟೇಜ್ ಹಾಕಿದ್ದಾರಾ? ಬಿಲ್ ನೋಡಿ

ಹೋದ ವಾರ ನಮ್ಮಕ್ಕ ಒಡವೆ ಅಂಗಡಿಯಲ್ಲಿ ಕೂತ್ಕೊಂಡೇ ಒಂದು ಎಸ್ಟಿಮೇಟ್ ಚೀಟಿಯ ಫೋಟೋ ವಾಟ್ಸಾಪ್ ಮಾಡಿದ್ಲು. ಹರಳು ಕೂರಿಸಿದ ನೆಕ್ಲೇಸ್. "ಕಾರ್ಡ್ ಕೊಡ್ಲಾ?" ಅಂದ್ಲು. ಹತ್ತು ನಿಮಿಷ ತಡಿ ಅಂದೆ.

ಅವಳ ಚೀಟೀನೇ ನೋಡೋಣ. ಒಟ್ಟು ತೂಕ 22.400 ಗ್ರಾಂ. ಅದರಲ್ಲಿ ಹರಳು 2.400. ಉಳಿದಿದ್ದು 20 ಗ್ರಾಂ, ಇದೇ ನಿವ್ವಳ ತೂಕ, ಅಂದ್ರೆ ಬರೀ ಚಿನ್ನ. ಲೆಕ್ಕ ಸುಲಭ ಆಗ್ಲಿ ಅಂತ 22 ಕ್ಯಾರೆಟ್ ದರ ಗ್ರಾಂಗೆ 10,000 ರೂಪಾಯಿ ಅಂತ ಇಟ್ಕೊಳ್ಳೋಣ. ಚಿನ್ನದ ಬೆಲೆ 2 ಲಕ್ಷ. ಅಲ್ಲಿವರೆಗೆ ಚೀಟಿ ಸರಿಯಾಗೇ ಇತ್ತು.

ವೇಸ್ಟೇಜ್ 8%. ಒಡವೆ ಮಾಡುವಾಗ ಕರಗಿಸಿ, ಉಜ್ಜಿ ಹೋಗೋ ಚಿನ್ನದ ಲೆಕ್ಕ ಇದು. 2 ಲಕ್ಷಕ್ಕೆ 16,000 ಆಗಬೇಕು, ಚೀಟಿಯಲ್ಲಿ 17,920 ಇತ್ತು. ಎಲ್ಲಿಂದ ಬಂತು? 22.400 ಗ್ರಾಂ ಮೇಲೆ ಹಾಕಿದ್ರು. ಹರಳಿನಲ್ಲಿ ಯಾವ ಚಿನ್ನ ವೇಸ್ಟ್ ಆಗುತ್ತೆ, ಹೇಳಿ! ಮೇಕಿಂಗ್ ಚಾರ್ಜ್ ಗ್ರಾಂಗೆ 500. ಅದೂ 10,000 ಆಗೋ ಕಡೆ 11,200 ಆಗಿತ್ತು, ಕಾರಣ ಅದೇ. ಹರಳಿಗೆ ಬೇರೆ ಸಾಲಿನಲ್ಲಿ 3,000 ಹಾಕೇ ಇದ್ರು.

ಇದೆಲ್ಲ ಕೂಡಿದ ಮೊತ್ತದ ಮೇಲೆ ಒಂದೇ ಸಲ 3% ಜಿಎಸ್‌ಟಿ. ಬಿಲ್‌ನಲ್ಲಿ ಕೇಂದ್ರದ್ದು 1.5, ರಾಜ್ಯದ್ದು 1.5 ಅಂತ ಎರಡು ಸಾಲು ಕಾಣುತ್ತೆ. ಮೊತ್ತ ಉಬ್ಬಿದ್ರೆ ತೆರಿಗೆನೂ ಉಬ್ಬುತ್ತೆ. ನಿವ್ವಳ ತೂಕದ ಮೇಲೆ ಲೆಕ್ಕ ಹಾಕಿದ್ರೆ 2,29,000ಕ್ಕೆ 6,870 ತೆರಿಗೆ, ಒಟ್ಟು 2,35,870. ಚೀಟಿಯಲ್ಲಿದ್ದದ್ದು 2,39,083 ಚಿಲ್ಲರೆ. ಮೂರು ಸಾವಿರದ ಮೇಲೆ ವ್ಯತ್ಯಾಸ. ಅಕ್ಕ ಕೇಳಿದ್ಲು, ಅವರು ಹೊಸ ಚೀಟಿ ಕೊಟ್ರು.

ಕೆಲವು ಕಡೆ ಮೇಕಿಂಗ್ ಮೇಲೆ ಬೇರೆಯಾಗಿ 5% ಹಾಕಿರ್ತಾರೆ. ನಮ್ಮದೇ ಚಿನ್ನ ಕೊಟ್ಟು ಒಡವೆ ಮಾಡಿಸಿದಾಗ ಕೂಲಿಯ ಮೇಲೆ ಬೀಳೋ ತೆರಿಗೆ ಅದು. ಅಂಗಡಿಯಲ್ಲಿರೋ ರೆಡಿ ಒಡವೆ ಕೊಂಡಾಗ ಮೇಕಿಂಗ್ ಕೂಡ ಅದೇ 3% ಒಳಗೇ ಸೇರುತ್ತೆ.

ಇನ್ನೊಂದು. ವೇಸ್ಟೇಜ್ ಎಷ್ಟಿರಬೇಕು ಅಂತ ಸರ್ಕಾರ ಗೊತ್ತುಮಾಡಿಲ್ಲ, ಅದು ಚೌಕಾಸಿಯ ವಿಷಯ. ಅದಕ್ಕೇ "ಮೇಕಿಂಗ್ ಫ್ರೀ" ಬೋರ್ಡ್ ನೋಡಿದ ಕೂಡಲೇ ನಾನು ವೇಸ್ಟೇಜ್ ಸಾಲು ನೋಡ್ತೀನಿ, ಆ ದುಡ್ಡು ಅಲ್ಲಿಗೆ ಹೋಗಿ ಕೂತಿರಬಹುದು. ಎರಡನ್ನೂ ಕೂಡಿಸಿ ಚಿನ್ನದ ಬೆಲೆಗೆ ಎಷ್ಟು ಪರ್ಸೆಂಟ್ ಅಂತ ನೋಡಿ. ಅಕ್ಕನ ನೆಕ್ಲೇಸ್‌ಗೆ 26,000, ಅಂದ್ರೆ 13%. ಎರಡು ಅಂಗಡಿ ಹೋಲಿಸೋಕೆ ಈ ಒಂದು ಅಂಕಿ ಸಾಕು. ಕೇಳೋದನ್ನ ಎಸ್ಟಿಮೇಟ್ ಚೀಟಿ ಕೈಯಲ್ಲಿರುವಾಗಲೇ ಕೇಳಿ, ಕಾರ್ಡ್ ಉಜ್ಜಿದ ಮೇಲೆ ಬಿಲ್ ತಿದ್ದಿಸೋದು ಕಷ್ಟ.